ತಂಗಿಯ ನಂಬರು

"ಖಾತ್ರಿ ಅಕ್ಕ ಬೀಗ ಎಳೆದಾಯ್ತು, ಇನ್ನು ಟೀಗೆ ನೀರಿಡಬಹುದು" ಎಂದು ಆ ಬೀದಿಯ ಹೆಂಗಸರು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ಬೆಳಗ್ಗೆ ಎಂಟೂವರೆಗೆ ಮಹಡಿಯ ಬಾಗಿಲಿಗೆ ಬೀಗ ಬೀಳುತ್ತಿತ್ತು. ಆಮೇಲೆ ಅದನ್ನು ಮೂರು ಸಲ ಜಗ್ಗುವ ಸದ್ದು. ಎರಡು ಮೆಟ್ಟಿಲು ಇಳಿದು, ಮತ್ತೆ ಹತ್ತಿ, ಇನ್ನೊಂದು ಸಲ. ಗಡಿಯಾರ ತಪ್ಪಿದರೂ ಆ ಸದ್ದು ತಪ್ಪುತ್ತಿರಲಿಲ್ಲ.

ಇನ್ನೂ ಏನೇನೋ ಹೇಳುತ್ತಿದ್ದರು. "ಆಕೆಗೆ ಗುಡ್ ಮಾರ್ನಿಂಗ್ ಅಂದ್ರೆ ಸೂರ್ಯನನ್ನ ನೋಡಿ ಬಂದು ಹೌದು ಅಂತಾಳೆ" ಎಂದು ಹಾಲಿನವನು. "ಮದುವೆ ಆಗದೇ ಇದ್ದದ್ದೂ ಅದಕ್ಕೇ, ಗಂಡಿನ ಹುಟ್ಟಿದ ತಾರೀಖು ಹೊಂದಲಿಲ್ಲವಂತೆ" ಎಂದು ಇಸ್ತ್ರಿ ಅಂಗಡಿಯವಳು. ಖಾತ್ರಿ ಅಕ್ಕನ ಕಿವಿಗೂ ಇವು ಬೀಳುತ್ತಿದ್ದವು. ಅವಳು ನಗುತ್ತಿದ್ದಳು. ಮನೆಗೆ ಬಂದು ಹೇಳಿ ನಗಲು ಯಾರೂ ಇರದಿದ್ದುದರಿಂದ ಬೀದಿಯಲ್ಲೇ ನಕ್ಕು ಮುಗಿಸುತ್ತಿದ್ದಳು.

ಅವಳ ಕೆಲಸ ದೊಡ್ಡ ಆಸ್ಪತ್ರೆಯ ಸಿಬ್ಬಂದಿ ವಿಭಾಗದಲ್ಲಿ. ಹೊಸದಾಗಿ ಸೇರುವ ನರ್ಸು, ಲ್ಯಾಬಿನವರು, ಯಂತ್ರ ನಡೆಸುವವರು ತರುವ ಸರ್ಟಿಫಿಕೇಟು ಅಸಲಿಯೋ ನಕಲಿಯೋ ನೋಡಿ ಸಹಿ ಹಾಕಬೇಕು. ಹತ್ತೊಂಬತ್ತು ವರ್ಷದಿಂದ ಅದೊಂದೇ. ಮೊದಲು ಅಂಚೆಯಲ್ಲಿ ಪತ್ರ ಬರೆದು ಎರಡು ತಿಂಗಳು ಕಾಯುತ್ತಿದ್ದಳು. ಈಗ ಸಂಸ್ಥೆಗಳೆಲ್ಲ ವೆಬ್‌ಸೈಟ್ ಮಾಡಿಕೊಂಡಿವೆ, ನಂಬರು ಹಾಕಿದರೆ ಹೆಸರು ಬರುತ್ತದೆ. ಮೇಜಿನ ಡ್ರಾಯರಿನಲ್ಲಿ ಒಂದು ನೀಲಿ ಪುಸ್ತಕವಿತ್ತು. ಯಾವ ಸಂಸ್ಥೆಯ ವಿಳಾಸ ಯಾವುದು, ಫೋನು ಯಾವುದು, ಎಲ್ಲ ಅವಳ ಕೈಬರಹದಲ್ಲಿ. ಸರ್ಟಿಫಿಕೇಟಿನ ಮೇಲೆ ಅಚ್ಚಾದ ನಂಬರಿಗೆ ಅವಳು ಫೋನು ಮಾಡಿದವಳಲ್ಲ. "ಕಳ್ಳನ ಪರಿಚಯ ಕಳ್ಳನ ಹತ್ತಿರವೇ ಕೇಳ್ತೀರಾ?" ಎನ್ನುತ್ತಿದ್ದಳು ಹೊಸಬರಿಗೆ.

ಇನ್ನೊಂದು ಅಭ್ಯಾಸ ಯಾರಿಗೂ ಗೊತ್ತಿರಲಿಲ್ಲ. ಅವಳಿಗೊಬ್ಬ ತಂಗಿ ಇದ್ದಳು. ರಕ್ತ ಶುದ್ಧಿ ಮಾಡುವ ಡಯಾಲಿಸಿಸ್ ಯಂತ್ರ ನಡೆಸಲು ಕಲಿತು ಇದೇ ಆಸ್ಪತ್ರೆಯಲ್ಲಿ ಮೂರು ವರ್ಷ ದುಡಿದು, ಜ್ವರವೆಂದು ಮಲಗಿದವಳು ಏಳಲಿಲ್ಲ. ಹನ್ನೆರಡು ವರ್ಷವಾಯಿತು. ಪಡಿತರ ಚೀಟಿಯಿಂದ ಹೆಸರು ಹೋಯಿತು, ಬ್ಯಾಂಕಿನಿಂದ ಹೋಯಿತು, ಫೋನಿನ ನಂಬರು ಯಾರೋ ಬೇರೆಯವರದಾಯಿತು. ಉಳಿದದ್ದು ಅವಳು ಕಲಿತ ತಾಂತ್ರಿಕ ಸಂಸ್ಥೆಯ ದಾಖಲೆಯಲ್ಲಿ. ಅಲ್ಲಿ ಎಂಟು ಅಂಕಿಯ ನಂಬರು ಹಾಕಿದರೆ ಅವಳ ಪೂರ್ತಿ ಹೆಸರು, ಪಾಸಾದ ವರ್ಷ, ಕೆಳಗೆ 'ಪ್ರಥಮ ದರ್ಜೆ' ಎಂದು ಬರುತ್ತಿತ್ತು. ಆ ಸಂಸ್ಥೆಯ ಯಾವುದೇ ಫೈಲು ಬಂದರೂ ಕೆಲಸ ಮುಗಿಸಿ ಅಕ್ಕ ಆ ನಂಬರನ್ನೂ ಒತ್ತುತ್ತಿದ್ದಳು. "ಬಂದ್ಯಾ?" ಎಂದು ಪರದೆಗೆ ಕೇಳಿ, ಮುಚ್ಚುತ್ತಿದ್ದಳು. ಅಷ್ಟೇ ಭೇಟಿ.

ಅವಳ ಬಾಡಿಗೆ ಮನೆಯ ಯಜಮಾನತಿ ಕೆಳಗಿನ ಮನೆಯಲ್ಲಿದ್ದಳು. ಗಂಡನಿಲ್ಲ, ಒಬ್ಬಳೇ ಮಗಳು. ಆ ಹುಡುಗಿ ಒಬ್ಬಳೇ ಖಾತ್ರಿ ಅಕ್ಕನ ಬಾಗಿಲನ್ನು ಕೇಳದೆ ತಳ್ಳಿಕೊಂಡು ಒಳಗೆ ಬರುತ್ತಿದ್ದವಳು. "ಚಿಕ್ಕಮ್ಮ, ಬಾಚಣಿಗೆ ಎಲ್ಲಿಟ್ರಿ?" ಎಂದು ಬಂದು, ತಲೆ ಬಾಚಿಸಿಕೊಂಡು, ಅರ್ಧ ಲೋಟ ಟೀ ಕುಡಿದು ಹೋಗುತ್ತಿದ್ದಳು. ಅಕ್ಕನ ಅಡುಗೆಮನೆಯಲ್ಲಿ ಲೋಟ ಎರಡಿದ್ದದ್ದು ಅವಳಿಂದ. ಹುಡುಗಿ ಪೇಟೆಯ ಒಂದು ತರಬೇತಿ ಕೇಂದ್ರದಲ್ಲಿ ಡಯಾಲಿಸಿಸ್ ಕೋರ್ಸು ಸೇರಿದಳು. ಬಿಳಿ ಕೋಟು ಹಾಕಿಕೊಂಡು ಹೋದಳು, ಪರೀಕ್ಷೆ ಬರೆದಳು, ಸರ್ಟಿಫಿಕೇಟು ತಂದಳು. ತಂಗಿ ಓದಿದ ಅದೇ ಸಂಸ್ಥೆಯ ಮುದ್ರೆ ಅದರ ಮೇಲಿತ್ತು. ಕೇಂದ್ರದವರು "ನಾವು ಅವರ ಶಾಖೆ" ಎಂದಿದ್ದರಂತೆ. ಬೀದಿಗೆಲ್ಲ ಸಿಹಿ ಹಂಚಿದಳು. ಖಾತ್ರಿ ಅಕ್ಕನ ಆಸ್ಪತ್ರೆಗೇ ಅರ್ಜಿ ಹಾಕಿದಳು.

ಫೈಲು ಮೇಜಿಗೆ ಬಂದ ದಿನ ಅಕ್ಕ ಮ್ಯಾನೇಜರರ ಕೋಣೆಗೆ ಹೋದಳು. "ಇದು ನಮ್ಮ ಮನೆ ಓನರ್ ಮಗಳದು. ಬೇರೆಯವರು ನೋಡಲಿ ಸಾರ್."

"ಬೇರೆಯವರು ಅಂದ್ರೆ ಯಾರು? ನಾನು ನೋಡ್ಲಾ?" ಮ್ಯಾನೇಜರರು ಕನ್ನಡಕದ ಮೇಲಿಂದ ನೋಡಿದರು. "ನಿಮ್ಮ ಮೇಲೆ ನನಗೆ ಅನುಮಾನ ಇಲ್ಲಮ್ಮ. ನೀವು ನನ್ನ ಸರ್ಟಿಫಿಕೇಟನ್ನೇ ಎರಡು ಸಲ ನೋಡಿದೋರು."

ಅಂದು ಅಕ್ಕ ಹತ್ತೊಂಬತ್ತು ವರ್ಷದಲ್ಲಿ ಮಾಡದ ತಪ್ಪು ಮಾಡಿದಳು. ನೀಲಿ ಪುಸ್ತಕ ತೆಗೆಯಲಿಲ್ಲ. ಸರ್ಟಿಫಿಕೇಟಿನ ಮೂಲೆಯಲ್ಲಿ ಅಚ್ಚಾಗಿದ್ದ ಚೌಕದ ಕ್ಯೂಆರ್ ಕೋಡನ್ನೇ ಆಫೀಸಿನ ಫೋನಿನಲ್ಲಿ ಸ್ಕ್ಯಾನ್ ಮಾಡಿದಳು. ಮನಸ್ಸಿಗೆ ಅವಸರ, ನಮ್ಮ ಹುಡುಗಿ ತಾನೇ. ಸಂಸ್ಥೆಯ ಪುಟ ತೆರೆಯಿತು. ಅದೇ ಲಾಂಛನ, ಅದೇ ಬಣ್ಣ, ವಿಳಾಸದ ಪಕ್ಕ ಬೀಗದ ಗುರುತು. ನಡುವೆ ಹುಡುಗಿಯ ಹೆಸರು, ಹಸಿರು ಟಿಕ್ಕು. ಜೊತೆಗೆ ಆ ಬೆಳಗ್ಗೆಯೇ 'ಪರೀಕ್ಷಾ ನಿಯಂತ್ರಕರು' ಎಂಬ ಹೆಸರಿನಿಂದ ಇಮೇಲ್ ಬಂದಿತ್ತು: ಈ ಅಭ್ಯರ್ಥಿಯ ದಾಖಲೆ ಸರಿಯಿದೆ. ಅಕ್ಕ ಪೆನ್ನಿನ ಮುಚ್ಚಳ ತೆಗೆದಳು.

ಸಹಿಗೆ ಮುಂಚೆ, ಖುಷಿಯಲ್ಲಿ, ಆ ಪುಟದಲ್ಲೇ ತಂಗಿಯ ನಂಬರು ಒತ್ತಿದಳು. ಸುದ್ದಿ ಹೇಳುವ ಹಾಗೆ. ನೋಡೇ, ನಮ್ಮ ಹುಡುಗಿ ನಿನ್ನ ವಾರ್ಡಿಗೇ ಬರ್ತಾಳೆ.

'ದಾಖಲೆ ಲಭ್ಯವಿಲ್ಲ.'

ಕೈ ತಪ್ಪಿರಬೇಕು ಎಂದು ಮತ್ತೆ ಒತ್ತಿದಳು. ಲಭ್ಯವಿಲ್ಲ. ಮೂರನೆಯ ಸಲವೂ ಅದೇ. ಹಳಬರನ್ನೆಲ್ಲ ತೆಗೆದುಹಾಕಿದರೋ? ಇಲ್ಲಿಂದಲೂ ಹೋದಳೋ? ಕಣ್ಣು ಮಂಜಾಯಿತು. ಸ್ವಲ್ಪ ಹೊತ್ತು ಅವಳಿಗೆ ಹುಡುಗಿಯ ಫೈಲು ನೆನಪೇ ಇರಲಿಲ್ಲ. ಆಮೇಲೆ, ಹಳೆಯ ಕೈ ತಾನಾಗಿ ಡ್ರಾಯರು ಎಳೆಯಿತು. ನೀಲಿ ಪುಸ್ತಕದ ವಿಳಾಸವನ್ನು ಕಂಪ್ಯೂಟರಿನಲ್ಲಿ ತಾನೇ ಬೆರಳಿನಿಂದ ಹೊಡೆದು ನಂಬರು ಹಾಕಿದಳು. ತಂಗಿ ಬಂದಳು. ಪೂರ್ತಿ ಹೆಸರು, ವರ್ಷ, ಪ್ರಥಮ ದರ್ಜೆ.

ಅಲ್ಲಿಯೇ ಹುಡುಗಿಯ ನಂಬರು ಹಾಕಿದಳು. ಹುಡುಗಿ ಬರಲಿಲ್ಲ.

ಕಂಪ್ಯೂಟರ್ ರಿಪೇರಿಯವನನ್ನು ಕರೆದಳು. ಅವನು ಎರಡೂ ವಿಳಾಸಗಳನ್ನು ಅಕ್ಕಪಕ್ಕ ಇಟ್ಟು ನೋಡಿ ಸಿಳ್ಳೆ ಹಾಕಿದ. "ಅಕ್ಕಾ, ಇಲ್ನೋಡಿ. ಸಂಸ್ಥೆ ಹೆಸರು ಮುಂದೆ ಅಂಟಿಸಿದ್ದಾರೆ. ಅದನ್ನ ಯಾರು ಬೇಕಾದ್ರೂ ಅಂಟಿಸಬಹುದು. ಮೊದಲನೇ ಒಂಟಿ ಓರೆಗೀಟಿಗೆ ಮುಂಚೆ, ಕೊನೇಲಿ ಇರೋ ಹೆಸರೇ ಮನೆ ಯಜಮಾನ. ಅದು ಬೇರೆ ಯಾರದ್ದೋ."

"ಬೀಗದ ಗುರುತಿದೆಯಲ್ಲೋ?"

"ಬೀಗ ಕಳ್ಳನ ಮನೇಗೂ ಇರತ್ತೆ. ನೀವು ಕಳಿಸಿದ್ದು ದಾರೀಲಿ ಬೇರೆಯವರು ಓದಲ್ಲ ಅಂತ ಅಷ್ಟೇ ಅದರ ಅರ್ಥ. ಮನೆ ಯಾರದು ಅಂತ ಅದು ಹೇಳಲ್ಲ." ಇನ್ನೇನೋ ಹುಡುಕಿದ. "ಸಂಸ್ಥೆಗೆ ನಲವತ್ತು ವರ್ಷ. ಈ ವಿಳಾಸ ನೋಂದಾಯಿಸಿ ನಾಲ್ಕು ತಿಂಗಳು. ಮೇಲಿರೋ ಬೇರೆ ಗುಂಡಿ ಒತ್ತಿ, ಎಲ್ಲ ಅಸಲಿ ಸೈಟಿಗೇ ಹೋಗತ್ತೆ. ಸರ್ಟಿಫಿಕೇಟ್ ನೋಡೋ ಪುಟ ಒಂದು ಮಾತ್ರ ಇವರದು. ಬುದ್ಧಿವಂತರು, ಇವರಿಗೆ ನಮ್ಮಲ್ಲೇ ಕೆಲಸ ಕೊಡಬಹುದಿತ್ತು."

ಅಕ್ಕ ನಗಲಿಲ್ಲ. ಇಮೇಲನ್ನು ಮತ್ತೆ ತೆರೆದಳು. ಹೆಸರು ನಿಯಂತ್ರಕರದು, ಹೆಸರಿನ ಮೇಲೆ ಒತ್ತಿದಾಗ ಕಂಡ ವಿಳಾಸ ಯಾರು ಬೇಕಾದರೂ ಪುಕ್ಕಟೆ ತೆರೆಯಬಹುದಾದದ್ದು. ಅದಕ್ಕಿಂತ ದೊಡ್ಡದು ಈಗ ಹೊಳೆಯಿತು: ತಾನಿನ್ನೂ ಯಾರನ್ನೂ ಕೇಳಿಯೇ ಇರಲಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಬಂದಿತ್ತು. ಪುಸ್ತಕದಲ್ಲಿದ್ದ ನಂಬರಿಗೆ ಫೋನು ಮಾಡಿ ಸಂಸ್ಥೆಯ ದಾಖಲೆ ವಿಭಾಗದವರನ್ನು ಕೇಳಿದಳು. "ನಮಗೆ ಶಾಖೆಗಳೇ ಇಲ್ಲಮ್ಮ" ಎಂದರು ಅವರು, "ಲಿಖಿತವಾಗಿ ಕಳಿಸ್ತೀವಿ."

ಅಂದು ಸಂಜೆ ಹುಡುಗಿಯನ್ನು ಮಹಡಿಗೆ ಕರೆದು ಎದುರು ಕೂರಿಸಿಕೊಂಡು ಹೇಳಿದಳು.

"ನನ್ನ ಫೋನಲ್ಲಿ ಹಸಿರು ಬರ್ತಿದೆಯಲ್ಲ ಚಿಕ್ಕಮ್ಮ!"

"ಅದನ್ನ ತೋರಿಸಬೇಕು ಅಂತಲೇ ಆ ಪುಟ ಕಟ್ಟಿದ್ದಾರೆ, ಮಗಾ. ನಿನ್ನನ್ನೂ ಮೋಸ ಮಾಡಿದ್ದಾರೆ."

"ನಾನು ಆರು ತಿಂಗಳು ಹೋಗಿಲ್ವಾ? ಬರೆದಿಲ್ವಾ?"

"ಯಂತ್ರ ಮುಟ್ಟಿದ್ಯಾ? ಒಬ್ಬ ರೋಗಿಗಾದ್ರೂ ಕೊಳವೆ ಜೋಡಿಸಿದ್ಯಾ?"

ಹುಡುಗಿ ಲೋಟವನ್ನು ದೂರ ಸರಿಸಿದಳು. ಕೇಂದ್ರದಲ್ಲಿ ಬರೀ ಚಿತ್ರ ತೋರಿಸಿ ಕಲಿಸಿದ್ದರು. ಅಕ್ಕ ಒಂದು ಚೀಟಿಯಲ್ಲಿ ಅಸಲಿ ವಿಳಾಸವನ್ನೂ ತಂಗಿಯ ನಂಬರನ್ನೂ ಬರೆದು ಕೊಟ್ಟಳು. "ನನ್ನ ಮಾತು ನಂಬಬೇಡ. ಎರಡು ಕಡೆನೂ ಈ ನಂಬರ್ ಹಾಕಿ ನೀನೇ ನೋಡು. ಎಲ್ಲಿ ನನ್ನ ತಂಗಿ ಇರ್ತಾಳೋ ಅದು ಅಸಲಿ." ಹುಡುಗಿ ಚೀಟಿಯನ್ನು ಮುದುಡಿ ಎದ್ದು ಹೋದಳು. ಅರ್ಧ ಲೋಟ ಟೀ ಹಾಗೇ ಉಳಿಯಿತು.

ಹಿಂದೆಯೇ ಯಜಮಾನತಿ ಮೆಟ್ಟಿಲು ಹತ್ತಿ ಬಂದಳು. "ಒಂದು ಸಹಿ. ಒಂದೇ ಒಂದು ಸಹಿ ಹಾಕಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು? ನನ್ನ ಮಗಳು ನಿಮ್ಮ ತಲೆ ಒತ್ತಲಿಲ್ವಾ ಜ್ವರ ಬಂದಾಗ? ಅವಳು ಹೋಗಿ ಕಲ್ತುಕೊಳ್ತಿದ್ದಳು!"

"ಯಾರ ಮೈ ಮೇಲೆ ಕಲೀತಾಳೆ, ಅಕ್ಕಾ?"

"ನನ್ನನ್ನ ಅಕ್ಕ ಅನ್ನಬೇಡಿ. ತಿಂಗಳ ಕೊನೆಗೆ ಮನೆ ಖಾಲಿ ಮಾಡಿ."

ಮರುದಿನ ಫೈಲಿನ ಮೇಲೆ ಖಾತ್ರಿ ಅಕ್ಕ ಬರೆದದ್ದು ಒಂದೇ ಸಾಲು: 'ಮೂಲ ಸಂಸ್ಥೆಯಿಂದ ದೃಢಪಟ್ಟಿಲ್ಲ.' ಹುಡುಗಿಯ ತಪ್ಪೆಂದು ಎಲ್ಲೂ ಬರೆಯಲಿಲ್ಲ. ನಕಲಿ ಪುಟದ ವಿಳಾಸ, ಇಮೇಲು, ಕೇಂದ್ರದ ಹೆಸರು ಎಲ್ಲವನ್ನೂ ಸಂಸ್ಥೆಗೂ ಪೊಲೀಸರಿಗೂ ಕಳಿಸಿದಳು. ಎರಡು ವಾರದಲ್ಲಿ ಆ ಪುಟ ತೆರೆಯುವುದು ನಿಂತಿತು, ಕೇಂದ್ರದ ಬಾಗಿಲೂ. ಮ್ಯಾನೇಜರರು ಬೆನ್ನು ತಟ್ಟಿದರು. ಬೀದಿಯಲ್ಲಿ ಮಾತ್ರ ಎಲ್ಲರೂ ತಮಾಷೆ ಮಾಡುವುದನ್ನು ಬಿಟ್ಟರು. ತಮಾಷೆಯಾದರೂ ಇತ್ತಲ್ಲ ಎಂದು ಆಗ ಅವಳಿಗೆ ಗೊತ್ತಾಯಿತು. ಹಾಲಿನವನು ಪೊಟ್ಟಣವನ್ನು ಮೆಟ್ಟಿಲ ಮೇಲಿಟ್ಟು ಕೂಗದೆ ಹೋಗುತ್ತಿದ್ದ. ಆ ತಿಂಗಳೆಲ್ಲ ಅವಳು ಎರಡು ಲೋಟ ತೊಳೆದಿಡುತ್ತಿದ್ದಳು, ಬಳಸಿದ್ದು ಒಂದೇ ಆದರೂ.

ತಿಂಗಳ ಕೊನೆಯ ಬೆಳಗ್ಗೆ ಸಾಮಾನು ಒಂದೇ ಗಾಡಿಗೆ ಸಾಕಾಯಿತು. ಗಾಡಿ ಮುಂದೆ ಹೋಯಿತು. ಅಕ್ಕ ಖಾಲಿ ಕೋಣೆಗಳಲ್ಲಿ ಒಂದು ಸುತ್ತು ಹಾಕಿದಳು. ಕಿಟಕಿ ಮುಚ್ಚಿದಳು, ನಲ್ಲಿ ತಿರುಗಿಸಿ ನೋಡಿದಳು. ಬಾಗಿಲಿಗೆ ಬೀಗ ಹಾಕಿ ಇಳಿದು ಬಂದು ಕೀಲಿ ಕೊಟ್ಟಳು. ಯಜಮಾನತಿ ಮುಖ ನೋಡದೆ ತೆಗೆದುಕೊಂಡು ಒಳಗೆ ಹೋದಳು.

ಗೇಟಿನ ಹತ್ತಿರ ಹುಡುಗಿ ನಿಂತಿದ್ದಳು. ತಲೆ ಸರಿಯಾಗಿ ಬಾಚಿರಲಿಲ್ಲ. ಕೈಯಲ್ಲಿ ಆ ಚೀಟಿ, ಸುಕ್ಕು ಬಿಡಿಸಿ ನಾಲ್ಕು ಮಡಿಕೆ ಮಾಡಿದ್ದು.

"ಹಾಕಿ ನೋಡಿದೆ," ಎಂದಳು ನೆಲ ನೋಡುತ್ತ. "ಬಂದ್ರು."

"ಪ್ರಥಮ ದರ್ಜೆ ಅಂತ ಇತ್ತಾ?"

"ಇತ್ತು." ಚೀಟಿಯ ಮಡಿಕೆ ಸವರುತ್ತ, "ಅಲ್ಲಿ ಅಸಲಿ ಕೋರ್ಸಿಗೆ ಅರ್ಜಿ ಕರೆದಿದ್ದಾರೆ. ಎರಡು ವರ್ಷದ್ದು. ಅಮ್ಮನಿಗೆ ಇನ್ನೂ ಹೇಳಿಲ್ಲ."

ಒಳಗಿನಿಂದ ಯಜಮಾನತಿ ಮಗಳ ಹೆಸರು ಹಿಡಿದು ಕೂಗಿದಳು. ಹುಡುಗಿ ಚೀಟಿಯನ್ನು ರವಿಕೆಯೊಳಗೆ ತೂರಿಸಿಕೊಂಡು ಓಡಿದಳು. 'ಚಿಕ್ಕಮ್ಮ' ಎಂದು ಅವಳು ಕರೆಯಲಿಲ್ಲ, ಅಕ್ಕನೂ ಕಾಯಲಿಲ್ಲ. ಗೇಟು ಮುಚ್ಚಿ ಚಿಲಕ ಹಾಕಿದಳು. ಕೈ ಅಭ್ಯಾಸದಂತೆ ಒಂದು ಸಲ ಜಗ್ಗಿತು, ಎರಡು ಸಲ. ಎದುರಿನ ಮನೆಯಲ್ಲಿ ಯಾರೋ ಒಲೆ ಹಚ್ಚಿದ ಸದ್ದು ಕೇಳಿಸಿತು. ಮೂರನೆಯ ಸಲವೂ ಜಗ್ಗಿ, ಚೀಲವನ್ನು ಹೆಗಲಿಗೆ ಏರಿಸಿಕೊಂಡು, ಗಾಡಿ ಹೋದ ದಾರಿ ಹಿಡಿದಳು.