ಫೋಲ್ಡರಣ್ಣನ ಚಿಕ್ಕ ಚಿತ್ರಗಳು

ಅವರ ನಿಜವಾದ ಹೆಸರು ಸಂಬಳದ ಪಟ್ಟಿಗೆ ಮಾತ್ರ ಗೊತ್ತು. ಆಸ್ಪತ್ರೆಯಲ್ಲಿ ದೊಡ್ಡ ಡಾಕ್ಟರಿಂದ ಹಿಡಿದು ನೆಲ ಒರೆಸುವವರ ತನಕ ಎಲ್ಲರಿಗೂ ಅವರು ಫೋಲ್ಡರಣ್ಣ. ಮೊದಲು ಕಂಕುಳಲ್ಲಿ ಸದಾ ಒಂದು ರಟ್ಟಿನ ಫೋಲ್ಡರ್ ಇರುತ್ತಿತ್ತು. ಕಂಪ್ಯೂಟರ್ ಬಂದ ಮೇಲೆ ಫೋಲ್ಡರ್ ಅದರೊಳಗೆ ಹೋಯಿತು, ಹೆಸರು ಹೊರಗೇ ಉಳಿಯಿತು. ನಾನು ಪಕ್ಕದ ಕಿಟಕಿಯಲ್ಲಿ ಚೀಟಿ ಬರೆಯುವವಳು. ಹತ್ತೊಂಬತ್ತು ವರ್ಷ ಅವರ ಕೆಮ್ಮು ಕೇಳಿದ್ದೇನೆ. ಅವರ ಬಗ್ಗೆ ಮಾತಾಡಲು ನನಗಿಂತ ಅರ್ಹರು ಯಾರೂ ಇಲ್ಲ.

ಅವರದು ಶವಾಗಾರದ ದಾಖಲೆಯ ಕೆಲಸ. ರಸ್ತೆಯಲ್ಲೋ ರೈಲು ಹಳಿಯ ಪಕ್ಕದಲ್ಲೋ ಸಿಕ್ಕಿ, ಯಾರೆಂದು ತಿಳಿಯದವರ ಫೋಟೋಗಳೆಲ್ಲ ಅವರ ಬಳಿ ಬರುತ್ತಿದ್ದವು. ಮನೆಯವರನ್ನು ಹುಡುಕಿಕೊಂಡು ಬಂದವರು ಆ ಫೋಟೋಗಳನ್ನು ನೋಡಬೇಕು. ಇಪ್ಪತ್ತು ದಿನ ಯಾರೂ ಬರದಿದ್ದರೆ ಊರಾಚೆಯ ಸ್ಮಶಾನದಲ್ಲಿ ಮಣ್ಣು ಮಾಡುತ್ತಾರೆ. ಇಂಥ ಕೆಲಸಕ್ಕೆ ಕುಳಿತ ಮನುಷ್ಯನಿಗೆ ಸತ್ತವರ ಮುಖ ನೋಡಲು ಆಗುತ್ತಿರಲಿಲ್ಲ! ನೋಡಿದ ದಿನ ಊಟ ಸೇರುತ್ತಿರಲಿಲ್ಲ. ನಾನು ರೇಗಿಸುತ್ತಿದ್ದೆ: "ಈಜು ಬರದೋನು ದೋಣಿ ನಡೆಸಿದ ಹಾಗಾಯ್ತಲ್ಲ ಅಣ್ಣ ನಿಮ್ಮ ಕಥೆ." "ಏನ್ ಮಾಡ್ಲಿ ತಾಯಿ, ಹೊಟ್ಟೆಪಾಡು," ಅನ್ನುತ್ತಿದ್ದರು.

ಒಮ್ಮೆ ಒಬ್ಬ ತಂದೆ ದೊಡ್ಡ ಫೋಟೋಗಳನ್ನು ಒಂದೊಂದಾಗಿ ನೋಡುತ್ತಾ ಆರನೆಯದಕ್ಕೆ ಕುಸಿದು ಬಿದ್ದರು. ಆ ಆರರಲ್ಲಿ ಅವರ ಮಗ ಇರಲೇ ಇಲ್ಲ. ಅಂದಿನಿಂದ ಫೋಲ್ಡರಣ್ಣ ಪುಸ್ತಕ ತಂದು, ಸಂಜೆ ಸಂಜೆ ಕಲಿತು, ತಾವೇ ಒಂದು ಪ್ರೋಗ್ರಾಂ ಬರೆದರು. ಅದನ್ನು ಓಡಿಸಿದರೆ ಫೋಲ್ಡರಿನಲ್ಲಿರುವ ಪ್ರತಿ ಫೋಟೋದ ಒಂದು ಚಿಕ್ಕ ಪ್ರತಿ ತಯಾರಾಗಿ, ಒಳಗಿನ ಇನ್ನೊಂದು ಫೋಲ್ಡರಿಗೆ ಅದೇ ಹೆಸರಿನಲ್ಲಿ ಸೇರುತ್ತಿತ್ತು. ಆಮೇಲೆ ಆ ಚಿಕ್ಕ ಚಿತ್ರಗಳನ್ನೆಲ್ಲ ಸಾಲಾಗಿ ಜೋಡಿಸಿದ ಒಂದು ಎಚ್‌ಟಿಎಂಎಲ್ ಪುಟ. ಇಂಟರ್ನೆಟ್ ಬೇಡ, ಬ್ರೌಸರಿನಲ್ಲಿ ತೆರೆದರೆ ಆಯಿತು. ಚಿಕ್ಕ ಚಿತ್ರ ಒತ್ತಿದರೆ ದೊಡ್ಡದು ತೆರೆಯುತ್ತದೆ. ಆದರೆ ಗುರುತು ಹತ್ತಿತು ಎಂದು ಬಂದವರೇ ಹೇಳುವವರೆಗೆ ಅವರು ಒತ್ತುತ್ತಿರಲಿಲ್ಲ.

"ಚಿಕ್ಕದಾಗಿ ನೋಡಿದ್ರೆ ಎದೆಗೆ ಅಷ್ಟು ನಾಟಲ್ಲ," ಎನ್ನುತ್ತಿದ್ದರು. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಅವರಿಗೂ ಮುಖ ನೋಡುವ ಕಷ್ಟ ತಪ್ಪಿತು. ಪುಟ ತಯಾರಾದ ಮೇಲೆ ಎಷ್ಟು ಚಿತ್ರ ಎಂದು ಎಣಿಕೆ ಮಾತ್ರ ನೋಡಿ, ರಿಜಿಸ್ಟರಿನೊಂದಿಗೆ ತಾಳೆಯಾದರೆ ಸಾಕು ಎಂದು ಎದ್ದುಬಿಡುತ್ತಿದ್ದರು.

ಹಾಗೆ ಬರುತ್ತಿದ್ದವರಲ್ಲಿ ಒಬ್ಬಳು ಬಟ್ಟೆ ಹೊಲಿಯುವ ಅಕ್ಕ. ಬುದ್ಧಿ ಸ್ವಲ್ಪ ಸ್ಥಿಮಿತವಿಲ್ಲದ ಅವಳ ತಮ್ಮ ಅಂಗಡಿಗೆಂದು ಹೋದವನು ಮನೆಗೆ ಬಂದಿರಲಿಲ್ಲ. ಪ್ರತಿ ಮಂಗಳವಾರ, ಕುತ್ತಿಗೆಗೆ ಹಾಕಿದ ಅಳತೆ ಟೇಪನ್ನೂ ತೆಗೆಯದೆ ಬರುತ್ತಿದ್ದಳು. ಪುಟವನ್ನು ಮೇಲಿನಿಂದ ಕೆಳಗೆ ನೋಡಿ, "ಸದ್ಯ, ಇಲ್ಲ ಅಣ್ಣ" ಎಂದು ಉಸಿರು ಬಿಟ್ಟು ಹೋಗುತ್ತಿದ್ದಳು. ಆ "ಸದ್ಯ" ಕೇಳಿದಾಗ ನನಗೂ ಹಗುರವಾಗುತ್ತಿತ್ತು.

ಒಂದು ಮಂಗಳವಾರ ಅವಳೇ ಕೇಳಿದಳು: "ಹೋದ ತಿಂಗಳು ನೋಡಿದ ಮುಖಗಳೇ ಅಲ್ವಾ ಅಣ್ಣ ಇವು?"

"ಇನ್ನೂ ಯಾರೂ ಬಂದಿಲ್ಲಮ್ಮ ಅವರನ್ನ ಕರ್ಕೊಂಡು ಹೋಗೋಕೆ," ಎಂದರು ಫೋಲ್ಡರಣ್ಣ, ರಿಜಿಸ್ಟರಿನಿಂದ ತಲೆಯೆತ್ತದೆ. ನಾನೂ ಅಲ್ಲೇ ಇದ್ದೆ. ನನಗೂ ಏನೂ ಅನಿಸಲಿಲ್ಲ, ನನ್ನ ಬುದ್ಧಿಗಿಷ್ಟು.

ತಿಂಗಳ ಕೊನೆಯ ಮಂಗಳವಾರ ಅವಳು ಬಂದಾಗ ಅವರು ಚಹಾಕ್ಕೆ ಹೋಗಿದ್ದರು. ನಾನು ಅವರ ಕುರ್ಚಿಯಲ್ಲಿ ಕುಳಿತೆ. "ಅಕ್ಕ, ಸೂಜಿಗೆ ದಾರ ಪೋಣಿಸೋಕೂ ಕಣ್ಣು ಕೈಕೊಡ್ತಿದೆ ಈಗ. ಇವತ್ತು ದೊಡ್ಡದೇ ತೋರಿಸ್ಬಿಡಿ, ನಾನು ಗಟ್ಟಿ ಇದೀನಿ," ಎಂದಳು. ಸರಿ ಎಂದು ಮೊದಲನೆಯ ಚಿಕ್ಕ ಚಿತ್ರ ಒತ್ತಿದೆ. ಚಿಕ್ಕದರಲ್ಲಿ ಬಿಳಿ ಗಡ್ಡದ ಮುದುಕರು. ತೆರೆದುಕೊಂಡದ್ದು ಒಬ್ಬ ಹೆಂಗಸು. ಇದೇನಪ್ಪಾ ಎಂದು ಎರಡನೆಯದು ಒತ್ತಿದೆ. ಅದೂ ಬೇರೆ. ಒತ್ತುತ್ತಾ ಹೋದೆ. ಐದನೆಯದು ಒತ್ತಿದಾಗ ಅವಳು ಕಿಟಕಿಯ ಸರಳು ಹಿಡಿದುಕೊಂಡು, "ಆ ಕಾಲರ್ ನಾನು ಹೊಲಿದಿದ್ದು," ಎಂದಳು. ಅಷ್ಟೇ. ಅಳಲೂ ಇಲ್ಲ.

ಫೋಲ್ಡರಣ್ಣ ಚಹಾದ ಲೋಟ ಹಿಡಿದುಕೊಂಡು ಬಂದರು. ಪರದೆ ನೋಡಿದರು, ರಿಜಿಸ್ಟರ್ ತಿರುವಿದರು. ಅವನು ಬಂದದ್ದು ತಿಂಗಳ ಮೂರನೆಯ ತಾರೀಖು. ಮಣ್ಣು ಮಾಡಿದ್ದು ನಾಲ್ಕು ದಿನದ ಹಿಂದೆ. ಆ ನಡುವೆ ಅವಳು ಮೂರು ಸಲ ಬಂದು, ಮೂರು ಸಲವೂ "ಸದ್ಯ" ಎಂದು ಹೋಗಿದ್ದಳು.

ಆದದ್ದು ಇಷ್ಟು. ಆ ಕಂಪ್ಯೂಟರ್ ಮುದಿ ಎಮ್ಮೆ. ಚಿತ್ರ ಚಿಕ್ಕದು ಮಾಡಲು ಗಂಟೆಗಟ್ಟಲೆ ಏದುಸಿರು ಬಿಡುತ್ತಿತ್ತು. ಅದಕ್ಕೆ ಅವರು ಪ್ರೋಗ್ರಾಂನಲ್ಲಿ ಒಂದು ಸಾಲು ಸೇರಿಸಿದ್ದರು: ಅದೇ ಹೆಸರಿನ ಚಿಕ್ಕ ಚಿತ್ರ ಆಗಲೇ ಇದ್ದರೆ ಮತ್ತೆ ಮಾಡಬೇಡ. ಹಳೆಯ ಕ್ಯಾಮೆರಾ ಫೋಟೋಗಳಿಗೆ ಸಂಖ್ಯೆ ಮುಂದುವರಿಸಿಕೊಂಡು ಹೋಗುತ್ತಿದ್ದುದರಿಂದ ಅದೇ ಹೆಸರು ಮತ್ತೆ ಬರುತ್ತಿರಲಿಲ್ಲ. ಹೋದ ತಿಂಗಳು ಬಂದ ಹೊಸ ಕ್ಯಾಮೆರಾ, ಕಾರ್ಡ್ ಖಾಲಿ ಮಾಡಿದಾಗಲೆಲ್ಲ ಒಂದರಿಂದ ಶುರು ಮಾಡುತ್ತಿತ್ತು. ತಿಂಗಳ ಮೊದಲ ದಿನ ಅವರು ಹಳೆಯ ದೊಡ್ಡ ಫೋಟೋಗಳನ್ನು ತೆಗೆದು ಬೇರೆಡೆ ಇಟ್ಟರು. ಚಿಕ್ಕವು ಒಳಗೇ ಉಳಿದವು. ಈ ತಿಂಗಳ ಐದನೆಯ ಫೋಟೋಗೆ ಹೋದ ತಿಂಗಳ ಐದನೆಯವರ ಮುಖ ಅಂಟಿಕೊಂಡಿತು. ಎಣಿಕೆ ಮಾತ್ರ ಸರಿಯಾಗಿಯೇ ಇತ್ತು.

ಅವರು ಅಲ್ಲೇ ಕುಳಿತು ಆ ಸಾಲನ್ನು ಅಳಿಸಿದರು, ಚಿಕ್ಕ ಚಿತ್ರಗಳ ಫೋಲ್ಡರನ್ನು ಖಾಲಿ ಮಾಡಿದರು, ಮತ್ತೆ ಓಡಿಸಿದರು. ಯಾಕೆ ಹಾಗೆ ಮಾಡಿದರೋ, ಕೈಗೆ ಏನಾದರೂ ಕೆಲಸ ಬೇಕಿತ್ತೇನೋ. ಪುಟ ನಿಧಾನವಾಗಿ ತುಂಬಿತು. ಐದನೆಯ ಜಾಗದಲ್ಲಿ ಅವಳ ತಮ್ಮ ಬಂದ, ಚಿಕ್ಕದಾಗಿ.

"ನೀವು ಒಂದ್ ಸಲಾನೂ ನೋಡಿರ್ಲಿಲ್ವಾ ಅಣ್ಣ ಇವನ ಮುಖಾನ?" ಎಂದು ಕೇಳಿದಳು. ಬೈದಿದ್ದರೆ ಚೆನ್ನಾಗಿತ್ತು. ಅವಳು ಸುಮ್ಮನೆ ಕೇಳಿದಳು.

"ಇಲ್ಲಮ್ಮ," ಎಂದರು. ಅವರ ಮೊಣಕೈ ತಾಗಿ ಮೇಜಿನ ಮೇಲಿದ್ದ ಚಹಾದ ಲೋಟ ಉರುಳಿ ರಿಜಿಸ್ಟರ್ ನೆನೆಯಿತು. ಒರೆಸಲು ನನಗೂ ತೋಚಲಿಲ್ಲ.

ಮೂವರೂ ಆಟೋದಲ್ಲಿ ಸ್ಮಶಾನಕ್ಕೆ ಹೋದೆವು. ಕಾವಲುಗಾರ ಬೇಲಿಯ ಪಕ್ಕದ ಒಂದು ಸಾಲು ತೋರಿಸಿದ. ಹೊಸ ಮಣ್ಣಿನ ಐದು ಗುಡ್ಡೆ. "ಆವತ್ತು ಐದು ಬಂದಿತ್ತು. ಯಾರು ಯಾವುದ್ರಲ್ಲಿ ಅಂತ ನಮಗೆ ಹೇಳಲ್ಲ ಸ್ವಾಮಿ, ಬರೀ ಲೆಕ್ಕ ಕೊಡ್ತಾರೆ," ಎಂದ.

"ಯಾವ್ದು ಅಣ್ಣ?" ಎಂದು ಅವಳು ಫೋಲ್ಡರಣ್ಣನ ಕಡೆ ತಿರುಗಿದಳು. ಅವರು ಐದೂ ಗುಡ್ಡೆಗಳನ್ನು ಒಂದೊಂದಾಗಿ ನೋಡಿ ತಲೆ ತಗ್ಗಿಸಿದರು. ದೇವರೇ, ಆ ಮನುಷ್ಯನನ್ನು ಅಷ್ಟು ಅಸಹಾಯಕನಾಗಿ ನಾನು ಎಂದೂ ನೋಡಿರಲಿಲ್ಲ.

ಅವಳು ಮೊದಲನೆಯ ಗುಡ್ಡೆಯ ಬಳಿ ಕುಳಿತು ಕೈಯಿಂದ ಮಣ್ಣು ಸವರಿದಳು. ಎದ್ದು ಎರಡನೆಯದಕ್ಕೆ ಹೋದಳು. ಐದೂ ಮುಗಿಸಿ, ಮೊಣಕಾಲಿನ ಮಣ್ಣನ್ನೂ ಕೊಡವದೆ ನಮ್ಮ ಬಳಿ ಬಂದಳು.

"ಹೋಗ್ಲಿ ಬಿಡಿ ಅಣ್ಣ. ಐದು ಜನಕ್ಕೂ ನಾನೇ ಅಳ್ತೀನಿ. ಪಾಪ, ಅವರನ್ನ ಹುಡುಕ್ಕೊಂಡು ಯಾರೂ ಬರ್ಲಿಲ್ವಲ್ಲ."

ಫೋಲ್ಡರಣ್ಣ ನೆಲ ನೋಡುತ್ತಲೇ ಹೇಳಿದರು: "ಬಂದಿದ್ರಮ್ಮ. ಈ ತಿಂಗಳು ಹನ್ನೊಂದು ಜನ ಬಂದು ನೋಡಿದ್ರು. ಹನ್ನೊಂದು ಜನಾನೂ ಸದ್ಯ ಅಂದ್ಕೊಂಡು ಮನೆಗೆ ಹೋದ್ರು."