ಗೀಟು ಹೊಡೆದ ಮಾತು

"ಇದು ಇಲ್ಲದಿದ್ದರೆ ನಡೆಯುತ್ತದೆಯೇ?" ಎಂಬ ಪ್ರಶ್ನೆಯನ್ನು ನಾನು ಮಕ್ಕಳಿಗೆ ಎಷ್ಟು ಸಾವಿರ ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಈಗ ಅದು ನನ್ನನ್ನೇ ಕೇಳುತ್ತದೆ. ಊಟಕ್ಕೆ ಕೂತಾಗ, ಕಾಗದ ಬರೆಯುವಾಗ, ಯಾರಾದರೂ ಸತ್ತ ಮನೆಗೆ ಹೋಗಿ ಎರಡು ಮಾತು ಆಡಬೇಕಾದಾಗ ಕೇಳುತ್ತದೆ. ಸ್ವರ ನನ್ನದೇ. ವಯಸ್ಸು ಮಾತ್ರ ಇಪ್ಪತ್ತೆಂಟು, ಆಗಿನದು.

ಯುದ್ಧದ ಕಾಲ. ಹೊನ್ನಾವರದ ಒಂದು ಹೈಸ್ಕೂಲಿನಲ್ಲಿ ನಾನು ಮಾಸ್ತರನಾಗಿದ್ದೆ. ಕಾಗದ ಸಿಗುತ್ತಿರಲಿಲ್ಲ. ಹಳೆಯ ಉತ್ತರಪತ್ರಿಕೆಗಳ ಬೆನ್ನಿನಲ್ಲಿ ಬರೆಯುತ್ತಿದ್ದೆವು. ಪಠ್ಯಪುಸ್ತಕ ಇಡೀ ತರಗತಿಗೆ ಐದೋ ಆರೋ. ಒಬ್ಬನ ಕೈಗೆ ಪುಸ್ತಕ ಎರಡು ದಿನ ಸಿಕ್ಕರೆ ಹೆಚ್ಚು. ಹಾಗಾಗಿ ಒಂದು ಪುಟವನ್ನು ನಾಲ್ಕು ಸಾಲಿಗೆ ಇಳಿಸುವುದನ್ನು ಕಲಿಸತೊಡಗಿದೆ. ಅದರಲ್ಲಿ ನನಗೆ ಹೆಸರೂ ಬಂತು, ಹೆಸರಿನ ಹಿಂದೆ ಸೊಕ್ಕೂ ಬಂತು.

ಕ್ರಮ ಕಷ್ಟದ್ದೇನಲ್ಲ. ಮೊದಲು ಪೆನ್ಸಿಲ್ ಮುಟ್ಟದೆ ಪುಟವನ್ನು ಪೂರ್ತಿ ಓದಬೇಕು. ಎರಡನೇ ಸಲ ಓದುವಾಗ ಪ್ರತಿ ಪ್ಯಾರಾದ ಎದುರು, ಅದು ಯಾವ ಮಾತು ಹೇಳುತ್ತದೆಂದು ಒಂದೇ ಶಬ್ದ ಬರೆದಿಡಬೇಕು. ಹೇಳಿದ್ದನ್ನೇ ತಿರುಗಿ ಹೇಳಿದ್ದರೆ, ಉದಾಹರಣೆ ಕೊಟ್ಟಿದ್ದರೆ, ಉಪಕಥೆ ಇದ್ದರೆ ಬಿಡಬೇಕು. ಕಾರಣ ಬಿಡಬಾರದು, "ಆದರೆ" ಎಂದು ಬಂದ ಷರತ್ತನ್ನು ಬಿಡಲೇಬಾರದು. ಆಮೇಲೆ ಪುಸ್ತಕ ಮುಚ್ಚಿ ತನ್ನ ಮಾತಿನಲ್ಲಿ ನಾಲ್ಕು ಸಾಲು ಬರೆಯಬೇಕು. ಕೊನೆಗೆ ಪುಸ್ತಕ ತೆರೆದು ಏನು ಬಿಟ್ಟುಹೋಯಿತು, ಏನು ಸುಮ್ಮನೆ ಸೇರಿಕೊಂಡಿತು ಎಂದು ನೋಡಬೇಕು. ಪುಸ್ತಕ ಮುಚ್ಚದೆ ಬರೆದವನಿಗೆ ನನ್ನಿಂದ ಬೈಗುಳ ಗ್ಯಾರಂಟಿ. ಅದು ಬರೀ ನಕಲು.

ಈ ಸುದ್ದಿ ಕೇಳಿ ಒಂದು ಭಾನುವಾರ ಹೊಳೆ ದಾಟಿ ಒಬ್ಬರು ಬಂದರು. ಇಡಗುಂಜಿ ಕಡೆಯ ಒಂದು ಹಳ್ಳಿಶಾಲೆಯ ಮಾಸ್ತರು, ನನಗಿಂತ ಹತ್ತು ವರ್ಷ ದೊಡ್ಡವರು. ನೋಡಿದ ಕೂಡಲೇ ಗುರುತು ಹಿಡಿದೆ. ಹಿಂದಿನ ಮಳೆಗಾಲದಲ್ಲಿ ಕರ್ಕಿಯ ಒಂದು ಮನೆಯ ಜಗಲಿಯಲ್ಲಿ ನಡೆದ ತಾಳಮದ್ದಳೆಯಲ್ಲಿ ಅವರ ಅರ್ಥ ಕೇಳಿದ್ದೆ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಒಂದು ಪದ್ಯ ಹಾಡುತ್ತಾರೆ, ಪಾತ್ರ ವಹಿಸಿದವರು ಕೂತಲ್ಲೇ ತಮ್ಮ ಮಾತಿನಲ್ಲಿ ಅದರ ಅರ್ಥ ಹೇಳುತ್ತಾರೆ. ಅಂದು ಅವರು ರಣಕ್ಕೆ ಹೊರಟ ಮಗನನ್ನು ಬೀಳ್ಕೊಡುವ ತಂದೆಯಾಗಿದ್ದರು. ಎರಡೇ ಸಾಲಿನ ಪದ್ಯಕ್ಕೆ ಒಂದು ತಾಸು ಮಾತಾಡಿದರು. ಮಧ್ಯಾಹ್ನದ ಮಳೆ ಹೊಡೆಯುತ್ತಲೇ ಇತ್ತು, ಒಬ್ಬರೂ ಎದ್ದು ಹೋಗಲಿಲ್ಲ. ನನ್ನ ಪಕ್ಕದ ಮುದುಕರೊಬ್ಬರು ಶಾಲಿನ ತುದಿಯಿಂದ ಕಣ್ಣು ಒರೆಸಿಕೊಂಡರು.

ಆ ತಂದೆಯೇ ಈಗ ನನ್ನ ಜಗಲಿಯಲ್ಲಿ ಛತ್ರಿ ಮಡಚಿ ನಿಂತಿದ್ದರು.

"ಮಾಸ್ತರ್ರೆ, ಶಿಕ್ಷಕರ ಪರೀಕ್ಷೇಲಿ ಎರಡು ಸಲ ಡುಮ್ಕಿ ಹೊಡೆದೆ," ಎಂದರು. "ಈ ಸಲ ಪಾಸಾಗದಿದ್ರೆ ಶಾಲೆ ಬಿಟ್ಟು ಮನೇಲಿ ಕೂತ್ಕಳಿ ಅಂದಾರೆ. ನಂಗೆ ಬೇರೆ ಎಂತದೂ ಬರುದಿಲ್ಲ."

ಅವರ ಹಳೆಯ ಉತ್ತರಗಳನ್ನು ಇನ್ನೊಮ್ಮೆ ಬರೆಯಿಸಿ ನೋಡಿದೆ. ರೋಗ ತಿಳಿಯಲು ವೈದ್ಯರು ಬೇಕಿರಲಿಲ್ಲ. ಮಲೇರಿಯಾದ ಬಗ್ಗೆ ಒಂದು ಪ್ರಶ್ನೆಗೆ ಆರು ಪುಟ. ಸೊಳ್ಳೆ ಬಂತು, ಸೊಳ್ಳೆ ಕೂತ ಗೋಡೆ ಬಂತು, ಗೋಡೆಯ ಮೇಲಿನ ದೀಪದ ನೆರಳು ಬಂತು, ಪಕ್ಕದಲ್ಲಿ ನಡುಗುವ ರೋಗಿ ಬಂದ. ಉತ್ತರ ಮಾತ್ರ ಬರಲಿಲ್ಲ. ಎರಡು ಪ್ರಶ್ನೆ ಮುಗಿಯುವಷ್ಟರಲ್ಲಿ ಗಂಟೆ ಹೊಡೆಯುತ್ತಿತ್ತಂತೆ.

"ನೀವು ಪರೀಕ್ಷೆ ಬರೆದದ್ದಲ್ಲ, ಅರ್ಥ ಹೇಳಿದ್ದು," ಎಂದೆ. ಅವರು ನಕ್ಕರು.

ಐದು ಭಾನುವಾರ ಹೆಣಗಾಡಿದೆವು. ಓದಿ ಮುಚ್ಚಿ ನಾಲ್ಕು ಸಾಲು ಎಂದರೆ ನಲವತ್ತು ಬರೆಯುತ್ತಿದ್ದರು. ಯಾವುದನ್ನು ಬಿಡಲು ಹೇಳಿದರೂ "ಪಾಪ, ಅದೂ ಇರ್ಲಿ ಅಲ್ರಾ" ಎನ್ನುವರು. ಆರನೇ ಭಾನುವಾರ ನನ್ನ ತಾಳ್ಮೆ ಮುಗಿಯಿತು. ಹಳೆಯ ಉತ್ತರಪತ್ರಿಕೆಯೊಂದರ ಬೆನ್ನು ತಿರುಗಿಸಿ, "ಕರ್ಕಿಯಲ್ಲಿ ನೀವು ಒಂದು ತಾಸು ಹೇಳಿದ್ದನ್ನು ನಾನು ನಾಲ್ಕು ಸಾಲಿನಲ್ಲಿ ಬರೆಯುತ್ತೇನೆ, ನೋಡಿ," ಎಂದೆ. ಬರೆದೇಬಿಟ್ಟೆ.

ಮಗ ರಣಕ್ಕೆ ಹೊರಟಿದ್ದಾನೆ. ಹೋದರೆ ಮರಳುವುದಿಲ್ಲವೆಂದು ತಂದೆಗೆ ಗೊತ್ತು. ತಡೆದರೆ ಮಗನ ಮಾನ ಹೋಗುತ್ತದೆ, ಬಿಟ್ಟರೆ ಪ್ರಾಣ ಹೋಗುತ್ತದೆ. ಆದ್ದರಿಂದ ತಂದೆ ಬಾಗಿಲು ಬಿಟ್ಟು ಬದಿಗೆ ಸರಿಯುತ್ತಾನೆ.

ಅವರು ಅದನ್ನು ಎರಡು ಸಲ ಓದಿದರು. "ಬೆಟ್ಟ ಅಗೆದು ಇಲಿ ಹಿಡಿದ ಹಾಂಗೆ ಆತಲ್ರಾ," ಎಂದು ನಗಲು ನೋಡಿದರು. ಆಮೇಲೆ ಕೇಳಿದರು:

"ಆ ಹೊಸ್ತಿಲ ಮಾತು ಎಲ್ಲಿ ಹೋತು?"

ಹೊಸ್ತಿಲ ಮಾತು ಎಂದರೆ, ಆ ತಂದೆ ಮಗನ ಎಳವೆಯನ್ನು ನೆನೆದು ಹೇಳಿದ ಭಾಗ. ಮಗು ಹೊಸ್ತಿಲ ಬಳಿ ಏನೋ ಮಾಡುತ್ತಿತ್ತು ಎಂದು ಬಹಳ ಹೊತ್ತು ಹೇಳಿದ್ದರು.

"ಅದು ಉದಾಹರಣೆ," ಎಂದೆ. "ಗೀಟು ಹೊಡೆಯಿರಿ. ಅದು ಇಲ್ಲದಿದ್ದರೆ ನಡೆಯುತ್ತದೆಯೇ, ಇಲ್ಲವೇ? ನೀವೇ ಹೇಳಿ."

ಅವರು ಹೊಳೆಯ ಕಡೆ ನೋಡುತ್ತ ಕೂತರು. ಕೊನೆಗೆ, "ನಡೀತದೆ," ಎಂದರು. ಆ ಚೀಟಿಯನ್ನು ಕೇಳಿ ತೆಗೆದುಕೊಂಡು ಅಂಗಿಯ ಜೇಬಿನಲ್ಲಿಟ್ಟರು.

ಅಂದಿನಿಂದ ಪಾಠ ನೀರು ಕುಡಿದಷ್ಟು ಸುಲಭವಾಯಿತು. ಪುಟವೇ ಅರ್ಥ ಎಂದುಕೊಳ್ಳಿ, ಭಾಗವತರು ಮೊದಲು ಹಾಡಿರಬಹುದಾದ ಪದ್ಯ ಯಾವುದೆಂದು ಹುಡುಕಿ ಎಂದೆ. ಅವರು ಹುಡುಕಿದರು. ಮಲೇರಿಯಾದ ಪುಟ ಹೀಗೆ ಬಂತು: ಈ ಜ್ವರ ಹರಡುವುದು ಕೆಟ್ಟ ಗಾಳಿಯಿಂದಲ್ಲ, ಸೊಳ್ಳೆಯಿಂದ. ಆ ಸೊಳ್ಳೆ ನಿಂತ ನೀರಿನಲ್ಲಿ ಮೊಟ್ಟೆ ಇಡುತ್ತದೆ. ಆದ್ದರಿಂದ ಹೊಂಡ ಮುಚ್ಚಬೇಕು, ಮುಚ್ಚಲಾಗದಿದ್ದರೆ ಸೀಮೆಎಣ್ಣೆ ಹಾಕಬೇಕು. ಮಲಗುವಾಗ ಪರದೆ, ಜ್ವರ ಬಂದರೆ ಕ್ವಿನೈನ್. ಒಂದು ಶಬ್ದ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ದೀಪಕ್ಕೇ ಇಲ್ಲದ ಸೀಮೆಎಣ್ಣೆ ಹೊಂಡಕ್ಕೆ ಎಲ್ಲಿಂದ ಎಂದು ನಾನು ತಮಾಷೆ ಮಾಡಿದೆ. ಅವರು ನಗಲಿಲ್ಲ. ನಡುಗುವ ರೋಗಿಯನ್ನು ತಾವಾಗಿಯೇ ಬಿಟ್ಟಿದ್ದರಲ್ಲ ಎಂದು ನನಗೆ ಒಳಗೊಳಗೇ ಖುಷಿ.

ಕುಮಟೆಯಲ್ಲಿ ಪರೀಕ್ಷೆ ಬರೆದರು. ಪಾಸಾದರು. ಕೆಲಸ ಉಳಿಯಿತು. ಒಂದು ಹಲಸಿನ ಹಣ್ಣು ಹೊರಿಸಿಕೊಂಡು ಬಂದು ನನ್ನ ಜಗಲಿಯಲ್ಲಿಟ್ಟರು. ನಾನು ಊರೆಲ್ಲ ಹೇಳಿಕೊಂಡು ತಿರುಗಿದೆ.

ಆ ಮಳೆಗಾಲ ಇಡಗುಂಜಿಯಲ್ಲಿ ತಾಳಮದ್ದಳೆ ಇದೆ, ಅದೇ ಪ್ರಸಂಗ, ಅದೇ ತಂದೆ ಎಂದು ತಿಳಿದು ಹೋದೆ. ಊಟವಾದ ಮೇಲಿನ ಹೊತ್ತು, ಜನ ಎಲೆಯಡಿಕೆ ಹಾಕಿಕೊಂಡು ಒಂದು ತಾಸಿಗೆ ತಯಾರಾಗಿ ಕೂತಿದ್ದರು. ಭಾಗವತರು ಪದ್ಯ ಮುಗಿಸಿದರು. ಮದ್ದಳೆ ನಿಂತಿತು.

ಅವರು ಬೆನ್ನು ನೆಟ್ಟಗೆ ಮಾಡಿ ಹೇಳಿದರು: "ಮಗ ರಣಕ್ಕೆ ಹೊರಟಿದ್ದಾನೆ. ಹೋದರೆ ಮರಳುವುದಿಲ್ಲವೆಂದು ಈ ತಂದೆಗೆ ಗೊತ್ತು. ತಡೆದರೆ ಮಗನ ಮಾನ ಹೋಗುತ್ತದೆ, ಬಿಟ್ಟರೆ ಪ್ರಾಣ ಹೋಗುತ್ತದೆ. ಆದ್ದರಿಂದ ನಾನು ಬಾಗಿಲು ಬಿಟ್ಟು ಬದಿಗೆ ಸರಿಯುತ್ತೇನೆ."

ಅಷ್ಟೇ. ಜನ ಕಾದರು. ಇದು ಪೀಠಿಕೆ, ಈಗ ಶುರುವಾಗುತ್ತದೆ ಎಂದುಕೊಂಡರು. ಅವರ ಬಾಯಿ ಒಮ್ಮೆ ತೆರೆಯಿತು, ಮುಚ್ಚಿತು. ಎದುರು ಕೂತ ಮಗನ ಪಾತ್ರದವರು ಏನು ಹೇಳಬೇಕೆಂದು ತಿಳಿಯದೆ ಭಾಗವತರ ಮುಖ ನೋಡಿದರು. ಭಾಗವತರು ಮುಂದಿನ ಪದ್ಯ ಎತ್ತಿಕೊಂಡರು. ಆ ನಾಲ್ಕೂ ಸಾಲು ನನ್ನವು.

ಮುಗಿದ ಮೇಲೆ ಹೊರಗೆ ಸಿಕ್ಕರು. ಅವರಿಗೆ ನನ್ನ ಮೇಲೆ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

"ಎಂತ ಮಾಡುದು ಮಾಸ್ತರ್ರೆ," ಎಂದರು. "ಮಾತು ನಾಲಿಗೆಗೆ ಬರ್ತದೆ. ಬಂದ ಕೂಡ್ಲೆ ನಿಮ್ಮ ಸ್ವರ ಕೇಳ್ತದೆ, ಇದು ಇಲ್ಲದಿದ್ರೆ ನಡೀತದೋ ಅಂತ. ನಡೀತದೆ. ಎಲ್ಲಾ ಇಲ್ದೆಯೂ ನಡೀತದೆ."

ಮತ್ತೆ ಅವರು ಅರ್ಥಕ್ಕೆ ಕೂರಲಿಲ್ಲ. ಕರೆಯಲು ಬಂದವರಿಗೆ ಗಂಟಲು ಸರಿಯಿಲ್ಲ ಎನ್ನುತ್ತಿದ್ದರಂತೆ. ಭಟ್ಕಳದ ಹತ್ತಿರದ ಶಾಲೆಗೆ ವರ್ಗವಾಯಿತು. ಒಳ್ಳೆಯ ಮಾಸ್ತರೆಂದು ಹೆಸರು ಬಂತು, ಅವರ ಶಾಲೆಯ ಮಕ್ಕಳು ಪುಟವನ್ನು ನಾಲ್ಕು ಸಾಲಿಗೆ ಚಕಚಕನೆ ಇಳಿಸುತ್ತಾರೆಂದು ಇನ್‌ಸ್ಪೆಕ್ಟರರು ನನ್ನೆದುರೇ ಹೊಗಳಿದರು. ಎರಡು ವರ್ಷಕ್ಕೆ ಆ ಮಾಸ್ತರು ಜ್ವರದಲ್ಲಿ ತೀರಿಕೊಂಡರು ಎಂದು ಸುದ್ದಿ ಬಂತು.

ತಿಂಗಳು ಕಳೆದ ಮೇಲೆ ಅವರ ಹೆಂಡತಿ ನನ್ನ ಮನೆಗೆ ಬಂದರು. ನಾನು ಕೊಟ್ಟಿದ್ದ ಎರಡು ಪುಸ್ತಕಗಳನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ಒಂದರೊಳಗೆ ಆ ಚೀಟಿ ಇತ್ತು, ಮಡಿಕೆಯಲ್ಲಿ ಸವೆದು ಎರಡಾಗಿತ್ತು. ನನ್ನ ಹೆಂಡತಿ ಬೆಲ್ಲ ನೀರು ಕೊಟ್ಟಳು. ಅವರು ಕುಡಿಯದೆ ಲೋಟ ಹಿಡಿದೇ ಕೂತರು.

"ಒಂದು ಕೇಳ್ಬೇಕಿತ್ತು," ಎಂದರು. "ನಮಗೊಂದು ಗಂಡುಮಗು ಇತ್ತು. ನಾಲ್ಕು ವರ್ಷಕ್ಕೆ ಮಲೇರಿಯಾದಲ್ಲಿ ಹೋತು. ಇವರು ಮನೇಲಿ ಒಂದ್ ದಿನವೂ ಅದರ ಹೆಸರು ಎತ್ತಲಿಲ್ಲ. ನಾನು ಎತ್ತಿದ್ರೆ ಎದ್ದು ಹೋಗ್ತಿದ್ರು. ಆದ್ರೆ ತಾಳಮದ್ದಳೇಲಿ, ಆ ಹೊಸ್ತಿಲ ಮಾತಲ್ಲಿ, ಹೇಳುದೆಲ್ಲ ನಮ್ಮ ಮಗೂದೇ ಅಂತ ಜನ ಹೇಳ್ತಿದ್ರು. ನಾನು ಒಂದ್ ಸಲವೂ ಕೇಳಿದವಳಲ್ಲ. ನೀವು ಕರ್ಕೀಲಿ ಕೇಳಿದ್ರಂತೆ."

ಅವರು ಲೋಟ ಕೆಳಗಿಟ್ಟರು.

"ಎಂತ ಹೇಳಿದ್ರು ಮಾಸ್ತರ್ರೆ? ಪೂರಾ ಹೇಳಿ. ನಂಗೆ ಸಾವಕಾಶ ಅದೆ."

ನಾನು ಕಣ್ಣು ಮುಚ್ಚಿದೆ. ಜಗಲಿ ನೆನಪಾಯಿತು, ಮಳೆ ನೆನಪಾಯಿತು, ಶಾಲಿನ ತುದಿಯಿಂದ ಕಣ್ಣು ಒರೆಸಿಕೊಂಡ ಮುದುಕರು ನೆನಪಾದರು. ಹೊಸ್ತಿಲ ಬಳಿ ಮಗು ಏನು ಮಾಡುತ್ತಿತ್ತು? ಕೂರುತ್ತಿತ್ತೇ, ದಾಟಲಾರದೆ ಅಳುತ್ತಿತ್ತೇ, ಅಪ್ಪನ ಕಾಲು ಹಿಡಿಯುತ್ತಿತ್ತೇ? ನನ್ನ ತಲೆಯಲ್ಲಿ ಆ ಜಾಗದಲ್ಲಿ ನಾನೇ ಎಳೆದ ಗೀಟು ಇತ್ತು, ಅದರಡಿಯಲ್ಲಿ ಏನೂ ಇರಲಿಲ್ಲ. ಸುಳ್ಳು ಹೇಳಿಬಿಡೋಣ ಎಂದು ಬಾಯಿ ತೆರೆದೆ, ಆಗಲಿಲ್ಲ.

ಕೊನೆಗೆ ಆ ಚೀಟಿಯ ಎರಡು ತುಂಡನ್ನು ಜೋಡಿಸಿ ಹಿಡಿದು, ನಾಲ್ಕು ಸಾಲನ್ನೂ ಅವರಿಗೆ ಓದಿ ಹೇಳಿದೆ.

ಅವರು ಕೇಳಿಸಿಕೊಂಡರು. ಮುಂದಿನದಕ್ಕೆ ಕಾಯುತ್ತ ನನ್ನ ಮುಖವನ್ನೇ ನೋಡುತ್ತ ಕೂತರು.