ಮೂರು ಮಡಿಕೆಯ ಟವೆಲ್ಲು

ಶಿಸ್ತು ನನಗೆ ಹೊಸದಲ್ಲ. ನಾನು ಓದಿದ್ದು ಹಾಸ್ಟೆಲಿನಲ್ಲಿ. ಬೆಳಗಿನ ಗಂಟೆ ಬಾರಿಸುವ ಹೊತ್ತಿಗೆ ಹಾಸಿಗೆ ಸುತ್ತಿಟ್ಟು ಸಾಲಿನಲ್ಲಿ ನಿಂತಿರಬೇಕಿತ್ತು. ಟವೆಲ್ಲನ್ನು ನಾಲ್ಕು ಮಡಿಕೆ ಮಾಡಿ ಟ್ರಂಕಿನ ಮೇಲಿಡಬೇಕಿತ್ತು. ಆ ಅಭ್ಯಾಸವನ್ನು ಹೆಮ್ಮೆಯಿಂದಲೇ ತವರಿನಿಂದ ತಂದೆ. ಗಂಡನ ಮನೆಯಲ್ಲಿ ಗೊತ್ತಾಯಿತು, ಟವೆಲ್ಲಿಗೆ ಇರಬೇಕಾದದ್ದು ಮೂರು ಮಡಿಕೆ, ಅಂಚು ಒಳಗೆ.

ನಮ್ಮ ಯಜಮಾನರು ಕೂಗಾಡುವವರಲ್ಲ. ಕೂಗಾಡಿದ್ದರೆ ನಾನೂ ಕೂಗಾಡಿ ಮುಗಿಸುತ್ತಿದ್ದೆ. ಅವರದು ಒಂದು ಸಣ್ಣ ‘ಚ್ಚ್’. ಆಮೇಲೆ ನಾನು ಮಡಿಸಿಟ್ಟಿದ್ದನ್ನು ಬಿಚ್ಚಿ, ಒದರಿ, ತಾವೇ ಮಡಿಸುವುದು. “ಬೈತಿಲ್ಲ ಕಣೇ, ತೋರಿಸ್ತಿದ್ದೀನಿ ಅಷ್ಟೆ,” ಎನ್ನುವುದು. ಬೀರು ಎಷ್ಟು ಚೆನ್ನಾಗಿ ಕಾಣುತ್ತಿತ್ತೆಂದರೆ ಜಗಳ ತೆಗೆಯಲು ಕಾರಣವೇ ಸಿಗುತ್ತಿರಲಿಲ್ಲ.

ಕಾರಿನಲ್ಲಂತೂ ಅವರ ಪಾಠಕ್ಕೆ ಬಿಡುವಿಲ್ಲ. “ಕ್ಲಚ್ ಮೇಲಿಂದ ಕಾಲು ತೆಗಿ.” “ಹಂಪ್ ಇದೆ.” “ಬಸ್ ಪಕ್ಕ ಯಾಕೆ ಹೋಗ್ತೀಯಾ?” ಬಸ್ಸು ತಾನಾಗಿ ಪಕ್ಕಕ್ಕೆ ಬಂದಿದ್ದರೂ ತಪ್ಪು ನನ್ನದೇ. ಬನಶಂಕರಿಯ ನಮ್ಮ ಮನೆಯಿಂದ ಬಸ್ ಸ್ಟ್ಯಾಂಡ್ ದಾಟುವಷ್ಟರಲ್ಲಿ ನಾನು ಹಿಂದೆಂದೂ ಸ್ಟೀರಿಂಗ್ ಮುಟ್ಟಿಲ್ಲದವಳಂತೆ ಆಗಿಬಿಡುತ್ತಿದ್ದೆ.

ವಿಲ್ಸನ್ ಗಾರ್ಡನ್ನಿನಲ್ಲಿ ನನ್ನ ಅಕ್ಕ ಇದ್ದಾಳೆ. ಶನಿವಾರ ಮಧ್ಯಾಹ್ನ ನಾನೇ ಕಾರು ಓಡಿಸಿಕೊಂಡು ಹೋಗಿ, ಅವಳ ಜೊತೆ ಕಾಫಿ ಕುಡಿದು, ಊರಿನವರನ್ನೆಲ್ಲ ಆಡಿಕೊಂಡು ಬರುವುದು ನನ್ನ ಸ್ವಂತ ಟೈಮ್ ಟೇಬಲ್. ಹೀಗೆ ಒಂದು ಶನಿವಾರ ಲಾಲ್‌ಬಾಗ್ ಪಕ್ಕದ ಸಿಗ್ನಲ್ಲಿನಲ್ಲಿ ನಿಂತಿದ್ದೆ. ಹಸಿರು ದೀಪ ಬಂತು. ನಾನು ಹೊರಡಲಿಲ್ಲ. ಹಿಂದೆ ಹಾರ್ನುಗಳ ಮೇಳ. ಆಟೋದವನೊಬ್ಬ ಪಕ್ಕಕ್ಕೆ ಬಂದು ಬಗ್ಗಿ ನೋಡಿದ.

“ಏನ್ ಆಂಟಿ, ಇನ್ನೂ ಹಸಿರಾಗ್ಬೇಕಾ?”

ಆಗ ಎಚ್ಚರವಾಯಿತು. ನಾನು ಕಾಯುತ್ತಿದ್ದದ್ದು ಹಸಿರು ದೀಪಕ್ಕಲ್ಲ, “ಹ್ಞೂ, ಈಗ ಹೋಗು” ಎಂಬ ಮಾತಿಗೆ. ಪಕ್ಕದ ಸೀಟು ಖಾಲಿಯಿತ್ತು.

ಅಂದು ಮನೆಗೆ ಬಂದು ಕೀಲಿಯನ್ನು ಮೊಳೆಗೆ ಹಾಕಿದವಳು ಮತ್ತೆ ತೆಗೆಯಲಿಲ್ಲ. ಯಾರೂ ಬೇಡವೆನ್ನಲಿಲ್ಲ, ನಾನೇ ಬಿಟ್ಟೆ. ಅವರಿಗೆ ಪುರುಸೊತ್ತಾದಾಗ ಅಕ್ಕನ ಮನೆಗೆ ಹೋಗುವುದೆಂದಾಯಿತು. ಅವರಿಗೆ ಪುರುಸೊತ್ತು ಅಪರೂಪ. ಅಕ್ಕ ಫೋನಿನಲ್ಲಿ “ದಾರಿ ಮರೆತ್ಯಾ?” ಎನ್ನುತ್ತಿದ್ದಳು. ಮನೆಯಲ್ಲೂ ಕಾಫಿ ಲೋಟ ಜೋಡಿಸುವಾಗ “ಇದು ಸರೀನಾರೀ?” ಎಂದು ಕೇಳುವುದು ಶುರುವಾಯಿತು. ಹಾಸ್ಟೆಲಿನ ವಾರ್ಡನ್ನಿಗೇ ಎದುರು ಮಾತಾಡಿದ್ದವಳು ನಾನು!

ಅಷ್ಟರಲ್ಲಿ ಅವರಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಜಯನಗರದ ಆಸ್ಪತ್ರೆಯಲ್ಲಿ ಡಾಕ್ಟರು ಒಂದು ಕಣ್ಣಿಗೆ ಪಟ್ಟಿ ಹಾಕಿ, ತಾವು ಹೇಳುವವರೆಗೆ ಕಾರು ಓಡಿಸಬಾರದೆಂದರು. ಹೋಗುವಾಗ ಅವರೇ ಓಡಿಸಿದ್ದರು. ಬರುವಾಗ ಕಾರು ನನ್ನ ಪಾಲಿಗೆ ಬಂತು.

ಆಸ್ಪತ್ರೆಯ ಗೇಟು ದಾಟುವ ಮೊದಲೇ, “ಸೆಕೆಂಡ್ ಗೇರ್ ಹಾಕು. ಇಂಜಿನ್ ಒದ್ದಾಡ್ತಿದೆ ಕೇಳ್ಸಲ್ವಾ?”

ಇದ್ದೊಂದು ಕಣ್ಣನ್ನೂ ಮುಚ್ಚಿಕೊಂಡು ಕಿವಿಯಿಂದಲೇ ತಪ್ಪು ಹಿಡಿಯುತ್ತಿದ್ದರು! ನಾನು ಕಾರನ್ನು ಮರದ ಕೆಳಗೆ ನಿಲ್ಲಿಸಿ ಇಂಜಿನ್ ಆಫ್ ಮಾಡಿದೆ.

“ಯಾಕೆ ನಿಲ್ಲಿಸ್ದೆ?”

“ಬನ್ನಿ, ನೀವೇ ಓಡ್ಸಿ.”

“ಕಣ್ಣಿಗೆ ಪಟ್ಟಿ ಇದ್ಯಲ್ಲೇ!”

“ಡಾಕ್ಟ್ರು ಇನ್ನೊಂದು ಪಟ್ಟಿ ಮರೆತ್ರು ಅನ್ಸುತ್ತೆ. ಬಾಯಿಗೆ.”

ಅವರು ನಕ್ಕರು. ನಾನು ನಗಲಿಲ್ಲ. ಹಸಿರು ದೀಪದ ಕತೆ ಹೇಳಿದೆ. ಈವರೆಗೆ ಹೇಳಿರಲಿಲ್ಲ.

“ನಿನ್ನ ಒಳ್ಳೇದಕ್ಕೇ ಹೇಳಿದ್ದು ಕಣೇ,” ಎಂದರು, ಮೆಲ್ಲಗೆ.

“ಗೊತ್ತು ರೀ. ಆದ್ರೆ ಅಕ್ಕನ ಮನೆಗೆ ಹೋಗೋದು ನಿಂತೋಯ್ತು. ಈ ಶನಿವಾರ ನಾನೇ ಓಡಿಸ್ಕೊಂಡು ಹೋಗ್ತೀನಿ. ನಿಮ್ಮ ದನಿ ಮನೇಲೇ ಇರ್ಲಿ.”

ಮನೆ ಸೇರುವವರೆಗೆ ಅವರು ತುಟಿ ಬಿಚ್ಚಲಿಲ್ಲ. ಬಲಗಾಲು ಮಾತ್ರ ಹಂಪು ಬಂದಾಗಲೆಲ್ಲ ಕೆಳಗಿನ ಮ್ಯಾಟನ್ನು ಒತ್ತುತ್ತಿತ್ತು. ಕಾಲಿಗೆ ಪಟ್ಟಿ ಕಟ್ಟುವ ಡಾಕ್ಟರು ಬೇರೆ.

ಶನಿವಾರ ನಾನು ಕಾರನ್ನು ಹಿಂದಕ್ಕೆ ತೆಗೆಯುವಾಗ ಕಪ್ಪು ಕನ್ನಡಕ ಹಾಕಿಕೊಂಡು ಗೇಟಿನ ಬಳಿ ಬಂದು ನಿಂತರು. ಎಡಕ್ಕೆ ತಿರುಗಿಸು ಎನ್ನುವಂತೆ ಕೈ ಎದ್ದಿತು. ಏನನ್ನೋ ನೆನೆಸಿಕೊಂಡು, ಆ ಕೈಯಿಂದಲೇ ತಲೆ ಕೆರೆದುಕೊಂಡರು. “ಅಕ್ಕನ್ನ ಕೇಳ್ದೆ ಅನ್ನು,” ಎಂದರು.

ಲಾಲ್‌ಬಾಗಿನ ಸಿಗ್ನಲ್ಲಿನಲ್ಲಿ ಹಸಿರು ಬಂದ ಕೂಡಲೇ ಹೊರಟೆ. ಅಕ್ಕ ಬಾಗಿಲಲ್ಲೇ, “ಬಂದ್ಲಪ್ಪ ಮಹಾರಾಣಿ! ಡ್ರೈವರ್‌ಗೆ ರಜಾನಾ?” ಎಂದಳು.

ಸಂಜೆ ಮನೆಗೆ ಬಂದು ಬೀರು ತೆಗೆದೆ. ಬೆಳಿಗ್ಗೆ ನಾನಿಟ್ಟ ಟವೆಲ್ಲು ಹಾಗೇ ಇತ್ತು, ನಾಲ್ಕು ಮಡಿಕೆ. ಕೈಗೆತ್ತಿಕೊಂಡು ಬಿಡಿಸಿ ನೋಡಿದೆ. ಒಳಗೆ ಮೂರು ಮಡಿಕೆಯ ಗೆರೆಗಳು ಹೊಸದಾಗಿ, ಅಚ್ಚುಕಟ್ಟಾಗಿ ಮೂಡಿದ್ದವು. ತಮ್ಮ ಹಾಗೆ ಮಡಿಸಿ, ಯೋಚಿಸಿ, ಬಿಚ್ಚಿ, ಮತ್ತೆ ನನ್ನ ಹಾಗೆ ಮಡಿಸಿಟ್ಟಿದ್ದರು.

ನನಗಿಂತ ಚೆನ್ನಾಗಿಯೇ ಮಡಿಸಿದ್ದರು. ಅದನ್ನು ಮಾತ್ರ ನಾನು ಅವರಿಗೆ ಹೇಳಿಲ್ಲ.